ಪದಚರ್ಚೆ: ಭಾಗಾಕಾರದಲ್ಲಿ ‘ತಾಳೆ ನೋಡಿ’ ಎಂದರೆ ಯಾವುದನ್ನು ನೋಡಬೇಕು?

ಮಾನ್ಯರೇ,

ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಬಹುಪದೋಕ್ತಿಗಳ ಭಾಗಾಕಾರದ ಅಭ್ಯಾಸ ಹಾಳೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮೊದಲ ಲೆಕ್ಕದ ಸೂಚನೆಯನ್ನು ಹೀಗೆ ಬರೆದಿದ್ದೆ: “2x³ − 3x + 5 ಅನ್ನು x − 2 ರಿಂದ ಭಾಗಿಸಿ, ಉತ್ತರವನ್ನು ಶೇಷ ಪ್ರಮೇಯದಿಂದ ತಾಳೆ ನೋಡಿ.”

ಹುಡುಗನೊಬ್ಬ ಭಾಗಲಬ್ಧ 2x² − 4x + 5, ಶೇಷ 15 ಎಂದು ಬರೆದು, ಅದರ ಕೆಳಗೆ p(2) = 16 − 6 + 5 = 15 ಎಂದು ತೋರಿಸಿ, “ತಾಳೆಯಾಯಿತು” ಎಂದು ಗೆರೆ ಎಳೆದಿದ್ದಾನೆ. ಸರಿಯಾದ ಭಾಗಲಬ್ಧ 2x² + 4x + 5. ಮೂಲದಲ್ಲಿ x² ಪದವಿಲ್ಲವೆಂದು ನೆನಪಿಟ್ಟು 0x² ಬರೆದುಕೊಂಡು ಸರಿಯಾಗಿಯೇ ಕಳೆಯುತ್ತ ಬಂದವನು, 4x ಅನ್ನು ಮೇಲಿನ ಸಾಲಿಗೆ ಏರಿಸುವಾಗ ಮಾತ್ರ ಚಿಹ್ನೆ ತಪ್ಪಿದ್ದಾನೆ. ನಾನು ಹೇಳಿದ್ದನ್ನೇ ಅವನು ಮಾಡಿದ್ದಾನೆ. ಆದರೂ ತಪ್ಪು ಭಾಗಲಬ್ಧ ಪರೀಕ್ಷೆಯನ್ನು ದಾಟಿಬಿಟ್ಟಿದೆ. ‘ತಾಳೆ ನೋಡು’ ಎಂಬ ಮಾತಿನಲ್ಲಿ ಗುಣಿಸಿ, ಶೇಷ ಕೂಡಿ, ಮೂಲಕ್ಕೆ ಮರಳುವ ಅರ್ಥ ತಾನಾಗಿ ಇದೆಯೇ, ಅಥವಾ ಅದಕ್ಕೆ ಬೇರೆಯೇ ಪದ ಬೇಕೇ?

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಬರೆದದ್ದು:

ನಮ್ಮ ಕಾಲದಲ್ಲಿ ಸಂಜೆ ನಗದನ್ನು ಎಣಿಸಿ ಪುಸ್ತಕದ ಮೊತ್ತದೊಡನೆ ತಾಳೆ ನೋಡುತ್ತಿದ್ದೆವು. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಮೊತ್ತಗಳನ್ನು ಪಕ್ಕಪಕ್ಕ ಇಡುವುದೇ ತಾಳೆ. ಇದು ಇಂಗ್ಲಿಷಿನ ಟ್ಯಾಲಿಯಿಂದಲೇ ಬಂದದ್ದೆಂದು ನಾನು ನಂಬಿದ್ದೇನೆ.

ಬೆಳಗಾವಿಯ ಓದುಗರೊಬ್ಬರು:

ಟ್ಯಾಲಿಗೆ ಹೋಗುವ ಮೊದಲು ಮರಾಠಿಯ ಕಡೆಗೊಮ್ಮೆ ನೋಡಬೇಕು. ಲೆಕ್ಕ ಸರಿಯಿದೆಯೇ ಎಂದು ಒರೆಗೆ ಹಚ್ಚುವುದಕ್ಕೆ ಅಲ್ಲಿ ‘ತಾಳಾ’ ಎನ್ನುತ್ತಾರೆ. ಪ್ರಶ್ನೆಯ ಬಗ್ಗೆ ಹೇಳುವುದಾದರೆ, ‘ಶೇಷ’ ಎನ್ನುವುದಕ್ಕಿಂತ ‘ಉಳಿಕೆ’ ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಪ್ರೌಢಶಾಲೆಯ ಗಣಿತ ಶಿಕ್ಷಕರೊಬ್ಬರು:

ಪದವನ್ನು ಬದಲಿಸಬೇಕಾಗಿಲ್ಲ. ಭಾಜಕ × ಭಾಗಲಬ್ಧ + ಶೇಷ ಎಂದು ಬರೆಸಿ, ಅದರಲ್ಲಿಯೇ x = 2 ಹಾಕಿಸಿದರೆ ಭಾಗಲಬ್ಧವೂ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ಗುಣಿಸುತ್ತ ಕೂತರೆ ಪರೀಕ್ಷೆಯಲ್ಲಿ ಸಮಯ ಸಾಲುವುದಿಲ್ಲ.

ಬಹಳ ವರ್ಷ ಬೀಜಗಣಿತ ಕಲಿಸಿದ ಉಪನ್ಯಾಸಕಿಯೊಬ್ಬರು:

ಹಿಂದಿನವರು ಹೇಳಿದ ಸಮೀಕರಣ ಸರಿ, ಆರಿಸಿಕೊಂಡ ಬೆಲೆ ಮಾತ್ರ ಸರಿಯಿಲ್ಲ. x = 2 ಹಾಕಿದೊಡನೆ x − 2 ಸೊನ್ನೆಯಾಗುತ್ತದೆ; ಅದರ ಪಕ್ಕದಲ್ಲಿ ಯಾವ ಭಾಗಲಬ್ಧವಿದ್ದರೂ ಗುಣಲಬ್ಧ ಸೊನ್ನೆಯೇ, ಉಳಿಯುವುದು 15 ಮಾತ್ರ. ಶೇಷ ಪ್ರಮೇಯವು ಶೇಷದ ವಿಷಯವನ್ನಷ್ಟೇ ಹೇಳುತ್ತದೆ, ಭಾಗಲಬ್ಧದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹುಡುಗನ ಉತ್ತರವನ್ನೇ ಗುಣಿಸಿ ನೋಡೋಣ.

```
(x − 2)(2x² − 4x + 5) + 15 = 2x³ − 8x² + 13x + 5
(x − 2)(2x² + 4x + 5) + 15 = 2x³ − 3x + 5
```

ಮೊದಲ ಸಾಲಿನಲ್ಲಿಯೂ ತುದಿಯ ಎರಡು ಪದಗಳು, ಅಂದರೆ 2x³ ಮತ್ತು 5, ಮೂಲದಂತೆಯೇ ಬಂದಿರುವುದನ್ನು ಗಮನಿಸಬೇಕು. ಮೊದಲನೆಯದನ್ನೂ ಕೊನೆಯದನ್ನೂ ನೋಡಿ “ಸರಿ” ಹಾಕುವ ಅಭ್ಯಾಸ ಮಕ್ಕಳಿಗಿರುತ್ತದೆ, ತಿದ್ದುವ ನಮಗೂ ಇರುತ್ತದೆ. ತಪ್ಪು ಅಡಗಿರುವುದು ನಡುವಿನಲ್ಲಿ. ಮೂಲದಲ್ಲಿ ಇಲ್ಲದ x² ಪದವು ಗುಣಿಸಿದ ಮೇಲೆ ಕಾಣಿಸಿಕೊಂಡಿತೆಂದರೆ ಭಾಗಲಬ್ಧದಲ್ಲಿ ಎಲ್ಲಿಯೋ ಎಡವಟ್ಟಾಗಿದೆಯೆಂದೇ ತಿಳಿಯಬೇಕು. ಸಮಯವಿಲ್ಲದವರು x = 1 ಹಾಕಲಿ: ಮೂಲ 4, ಹುಡುಗನದು 12. ಒಂದೇ ಬೆಲೆಯಲ್ಲಿ ವ್ಯತ್ಯಾಸ ಕಂಡರೆ ಉತ್ತರ ತಪ್ಪೆಂಬುದು ಖಚಿತ, ಆದರೆ ಒಂದು ಬೆಲೆಯಲ್ಲಿ ಹೊಂದಿದ ಮಾತ್ರಕ್ಕೆ ಸರಿಯೆಂದು ಹೇಳಲಾಗದು. x = 0 ಹಾಕಿ ನೋಡಿ, ಈ ತಪ್ಪು ಉತ್ತರವೂ 5 ನ್ನೇ ಕೊಡುತ್ತದೆ.

ಮಗಳಿಗೆ ಪಾಠ ಹೇಳಿಕೊಡುವ ತಾಯಿಯೊಬ್ಬರು:

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಇದೇ ಬಹುಪದೋಕ್ತಿಯನ್ನು x² + 1 ರಿಂದ ಭಾಗಿಸಿದಾಗ ಭಾಗಲಬ್ಧ 2x, ಶೇಷ −5x + 5 ಬಂದಿತು. ಶೇಷವೆಂದರೆ ಸಂಖ್ಯೆಯೇ ಆಗಿರಬೇಕೆಂದುಕೊಂಡಿದ್ದ ಮಗಳು ಭಾಗಾಕಾರ ಮುಗಿದಿಲ್ಲವೆಂದು ಹಠ ಹಿಡಿದು, −5x ಅನ್ನು x² ರಿಂದ ಭಾಗಿಸಲು ಹೊರಟಿದ್ದಳು. ‘ಉಳಿಕೆ’ ಎಂದು ಕರೆದಿದ್ದರೂ ಅವಳು ಹಾಗೆಯೇ ಮಾಡುತ್ತಿದ್ದಳೆಂದು ನನಗನ್ನಿಸುತ್ತದೆ. ಶೇಷದ ಘಾತ ಭಾಜಕದ ಘಾತಕ್ಕಿಂತ ಕಡಿಮೆಯಾದಾಗ ನಿಲ್ಲಿಸಬೇಕೆಂಬುದನ್ನೂ ಹಾಳೆಯಲ್ಲಿ ಹೇಳಿಬಿಡಿ.

ಪ್ರಶ್ನೆ ಕೇಳಿದವನ ಮರುಮಾತು:

ಎಲ್ಲರಿಗೂ ಕೃತಜ್ಞತೆಗಳು. ಸೂಚನೆಯನ್ನು ಎರಡಾಗಿ ಒಡೆದಿದ್ದೇನೆ: “ಶೇಷವನ್ನು p(2) ರೊಡನೆ ತಾಳೆ ನೋಡಿ. ಅನಂತರ ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ, ಶೇಷವನ್ನು ಕೂಡಿ, ಬಂದ ಪ್ರತಿಯೊಂದು ಪದವನ್ನೂ ಭಾಜ್ಯದ ಪದದೊಡನೆ ತಾಳೆ ನೋಡಿ.” ಭಾಜಕ x² + 1 ಆಗಿರುವ ಲೆಕ್ಕಕ್ಕೆ ಎರಡನೆಯ ವಾಕ್ಯವನ್ನು ಮಾತ್ರ ಉಳಿಸಿಕೊಂಡು, ಘಾತದ ಮಾತನ್ನು ಸೇರಿಸುತ್ತೇನೆ. ಹಿರಿಯರು ಹೇಳಿದಂತೆ ತಾಳೆಗೆ ಎರಡು ಬೇರೆ ದಾರಿಗಳು ಬೇಕು. ಗುಣಿಸಿ ಮೂಲಕ್ಕೆ ಮರಳುವುದು ಬಂದ ದಾರಿಯಲ್ಲೇ ಹಿಂದಿರುಗುವುದಲ್ಲವೇ, ಅದಕ್ಕೂ ತಾಳೆಯೆನ್ನುವುದು ಸರಿಯೇ ಎಂಬ ಸಂಶಯ ನನಗಿನ್ನೂ ಉಳಿದಿದೆ. ಬೇರೆ ಪದ ಬಲ್ಲವರು ತಿಳಿಸಬೇಕು.