16 ಗಂಟೆ ಉಪವಾಸದಿಂದ ಎದೆಯುರಿ, ಮೀನಖಂಡದ ಸೆಳೆತ: ಸಹಾಯ ಬೇಕು

ರಾತ್ರಿ 8ಕ್ಕೆ ಊಟ ಮುಗಿಸಿದರೆ ಮರುದಿನ ಮಧ್ಯಾಹ್ನ 12ರವರೆಗೆ ಏನೂ ತಿನ್ನುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲಿಲ್ಲದ ಕಾಫಿ ಕುಡಿದ ಮೇಲೆ ಎದೆಯುರಿ, ಹುಳಿತೇಗು. ರಾತ್ರಿ ಮೀನಖಂಡದಲ್ಲಿ ಸೆಳೆತ. ಕಾಫಿ ಬಿಟ್ಟ ದಿನ ಉರಿ ಕಡಿಮೆ, ಹಾಗಾಗಿ ಅನುಮಾನ ಅದರ ಮೇಲೆಯೇ. ಹಸಿವಿಗೆ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಖಾರದೂಟ ಉಣ್ಣುವುದೂ ಕಾರಣವಿರಬಹುದು.

ಈಗ ಉಪವಾಸವನ್ನು 12 ಗಂಟೆಗೆ ಇಳಿಸಿ, ವಾರಕ್ಕೊಂದು ಗಂಟೆಯಂತೆ ಏರಿಸುವ ಯೋಚನೆಯಿದೆ. ಹೀಗೆ ಮಾಡಿದವರಿಗೆ ಉರಿ ನಿಂತಿತೇ? ಸೆಳೆತಕ್ಕೆ ನೀರು ಹೆಚ್ಚಿಸಿದರೆ ಸಾಕೇ, ಊಟದಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣೂ ಬೇಕೇ?

ಅತ್ತೆಯವರೂ ಜೊತೆಗೂಡುತ್ತಾರಂತೆ! ಅವರು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ವೈದ್ಯರನ್ನು ಕೇಳದೆ ಬೇಡವೆಂದಿದ್ದೇನೆ. ಅತ್ತೆಯವರನ್ನು ಇದಕ್ಕೆ ಒಪ್ಪಿಸುವ ಉಪಾಯವಿದ್ದರೆ ದಯವಿಟ್ಟು ಅದನ್ನೂ ತಿಳಿಸಿ.