ಅಪ್‌ಡೇಟ್: ಫಿಟ್ಟರ್ ಅಪ್ರೆಂಟಿಸ್ ಸಿಕ್ಕಿತು, ಕಾಂಟ್ರಾಕ್ಟ್ ನೋಡಿಯೇ ಸೇರಿದೆ

ನಾನು ಕೇಳಿದ್ದು: "ಐಟಿಐ ಫಿಟ್ಟರ್ ಮುಗಿದಿದೆ, ಕಾರವಾರದವನು. ಒಬ್ಬ ಏಜೆಂಟ್ ಗೋವಾ ಕಂಪನಿಯಲ್ಲಿ ಅಪ್ರೆಂಟಿಸ್ ಕೊಡಿಸ್ತೀನಿ, ಟ್ರೈನಿಂಗ್ ಫೀ ಕಟ್ಟು ಅಂತಾನೆ. ಅಸಲಿಯೋ ನಕಲಿಯೋ ಹೇಗೆ ತಿಳಿಯೋದು?"

ಏಜೆಂಟನ್ನು ಬಿಟ್ಟೆ. ಶಿರಸಿಯ ಅಣ್ಣ ಒಬ್ಬರು ಹೇಳಿದ ಉಪಾಯವೇ ಕೆಲಸ ಮಾಡಿತು: "ದುಡ್ಡಿನ ಮಾತು ಆಮೇಲೆ, ಮೊದಲು ಕಾಂಟ್ರಾಕ್ಟ್ ನಂಬರ್ ಕೇಳು." ಅಪ್ರೆಂಟಿಸ್ ಅಂದಮೇಲೆ ಕಂಪನಿಯವರು apprenticeshipindia.gov.in ನಲ್ಲಿ ಕಾಂಟ್ರಾಕ್ಟ್ ಹಾಕಬೇಕು, ಅದು ನಮ್ಮ ಲಾಗಿನ್‌ನಲ್ಲೂ ಕಾಣಬೇಕು. ನಂಬರ್ ಕೇಳಿದ್ದೇ ತಡ, ಏಜೆಂಟ್ ಫೋನ್ ಎತ್ತೋದೇ ಬಿಟ್ಟ. ಸ್ಟೈಪೆಂಡ್ ಕಂಪನಿಯವರು ನಮಗೆ ಕೊಡೋದು, ನಾವು ಫೀ ಕಟ್ಟೋದಲ್ಲ.

ಆಮೇಲೆ ಪೋರ್ಟಲ್‌ನಲ್ಲೇ ಹುಡುಕಿ ಅರ್ಜಿ ಹಾಕಿದೆ, ಒಂದು ವರ್ಕ್‌ಶಾಪಿಂದ ಕರೆ ಬಂತು. ಸಹಿ ಹಾಕುವ ಮುಂಚೆ ಟ್ರೇಡ್ ಹೆಸರು, ಶುರು-ಮುಗಿಯುವ ತಾರೀಖು, ಸ್ಟೈಪೆಂಡ್ ಮೂರನ್ನೂ ಓದಿದೆ. ಟ್ರೇಡ್ ಜಾಗದಲ್ಲಿ 'ಫಿಟ್ಟರ್' ಬದಲು ಕಂಪನಿಯದೇ ಒಂದು ಆಪ್ಷನಲ್ ಟ್ರೇಡ್ ಇತ್ತು! ಇದು ನನಗೆ ಹೊಸ ವಿಷಯ: ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದು ಎನ್‌ಎಸಿ, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗೋದು ಫಿಟ್ಟರ್‌ನಂಥ, ಸರ್ಕಾರ ಗೊತ್ತುಮಾಡಿದ ಡೆಸಿಗ್ನೇಟೆಡ್ ಟ್ರೇಡ್‌ಗೆ. ಕೇಳಿದ್ದಕ್ಕೆ ಎಚ್‌ಆರ್ ಮೇಡಂ ತಕರಾರಿಲ್ಲದೆ ಬದಲಿಸಿಕೊಟ್ಟರು. ಒಂದು ವರ್ಷದ ಕಾಂಟ್ರಾಕ್ಟ್.

ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸು ಅಂದಿದ್ದಿರಿ, ಬರೆಸಿದೆ, ಇನ್ನೂ ಏನೂ ಬಂದಿಲ್ಲ. ಕೈಗಾ ಅಣುಸ್ಥಾವರ, ನೇವಲ್ ಶಿಪ್ ರಿಪೇರ್ ಯಾರ್ಡ್‌ನಲ್ಲಿ ಪ್ರಯತ್ನಿಸು ಅನ್ನೋ ಸಲಹೆ ಒಳ್ಳೆಯದೇ, ಆದರೆ ಅವರ ಅಧಿಸೂಚನೆ ಬಂದಾಗಲೇ ಅರ್ಜಿ.