ಗದಗಿಗೆ ವಾಪಸ್: ಹುಬ್ಬಳ್ಳಿ ನೌಕರಿಯೋ, ಮನಿಯಿಂದ ಕಾಂಟ್ರ್ಯಾಕ್ಟೋ?

ಪ್ರಶ್ನೆ: ಬೆಂಗಳೂರಾಗ ಟೆಸ್ಟಿಂಗ್ ಲೀಡ್ ಇದ್ದೀನ್ರಿ. ಸಿಟಿಸಿ 15 ಲಕ್ಷ, ಮನಿ ಬಾಡಗಿ 24,000. ಬೆಟಗೇರಿಯೊಳಗ ಸ್ವಂತ ಮನಿ ಐತಿ. ಅಪ್ಪಗ 71, ಅವ್ವಗ 67, ಇಬ್ಬರಿಗೂ ಶುಗರ್. ಹುಬ್ಬಳ್ಳಿ ಕಂಪನಿಯೊಂದು 10 ಲಕ್ಷಕ್ಕ ಕರೀತೈತಿ. ಈಗಿನ ಕಂಪನಿಯವರು ಮನಿಯಿಂದ ಮಾಡು, ಆದರ ಕಾಂಟ್ರ್ಯಾಕ್ಟ್ ಮ್ಯಾಲೆ, ತಿಂಗಳಿಗೆ 1.1 ಲಕ್ಷ ಅಂತಾರ. ಯಾವುದು ಬರೋಬ್ಬರಿ?

ಫ್ರೀಲಾನ್ಸರ್, ಧಾರವಾಡ: ಕಾಂಟ್ರ್ಯಾಕ್ಟ್ ತಗೋರಿ. ವರ್ಷಕ್ಕ 13.2 ಲಕ್ಷ. ವೃತ್ತಿಪರರ ಅಂದಾಜು ಆದಾಯದ ಲೆಕ್ಕದಾಗ ಅರ್ಧ ತೋರಿಸಿದ್ರ ಸಾಕು, ಹೊಸ ಪದ್ಧತಿಯೊಳಗ ತೆರಿಗಿ ಶೂನ್ಯ.

ಎಚ್‌ಆರ್ ಸಲಹೆಗಾರರು, ಹುಬ್ಬಳ್ಳಿ: ತೆರಿಗಿ ಮಾತು ಅರ್ಧ ಖರೆ. ಅದೇ ಸಾಹೇಬರು, ಅದೇ ವೇಳೆ, ಅದೇ ಕೆಲಸ ಇಟ್ಟು ಹೆಸರಷ್ಟೇ ಕಾಂಟ್ರ್ಯಾಕ್ಟ್ ಅಂತ ಬದಲಿಸಿದ್ರ, ಇದು ಪಗಾರನೇ ಅಂತ ತೆರಿಗಿ ಇಲಾಖೆ ಕೇಳಬಹುದು.

ದೊಡ್ಡ ಪೆಟ್ಟು ವಿಮೆಯೊಳಗ ಐತ್ರಿ. ಕಂಪನಿ ಗ್ರೂಪ್ ಪಾಲಿಸಿಯೊಳಗ ಅಪ್ಪ-ಅವ್ವ ಇದ್ರ, ನೀವು ರೋಲ್ಸ್ ಬಿಟ್ಟ ಕೂಡಲೇ ಅವರೂ ಹೊರಗ. ಹೊಸ ಪಾಲಿಸಿ ಮಾಡಿಸಿದ್ರ ಮೊದಲೇ ಇದ್ದ ಶುಗರಿಗೆ ಮೂರು ವರ್ಷದತನಕ ಕಾಯಿಸಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಾಕ ಬರ್ತದ, ಕಾದ ಅವಧಿಯೂ ಲೆಕ್ಕಕ್ಕ ಸಿಗ್ತದ, ಆದರ ತಪಾಸಣೆ ಮಾಡಿ ಬ್ಯಾಡ ಅನ್ನಲೂಬಹುದು. ಅವರ ಲಿಖಿತ ಉತ್ತರ ಬರೋತನಕ ರಾಜೀನಾಮೆ ಕೊಡಬ್ಯಾಡ್ರಿ.

ಇನ್ನ ರೊಕ್ಕ. ಬಾಡಗಿ ವರ್ಷಕ್ಕ 2.88 ಲಕ್ಷ ಉಳೀತದ. ಅಂದ್ರ ಗದಗಿನೊಳಗ 12.12 ಲಕ್ಷದ ಸಿಟಿಸಿ ಸಿಕ್ಕರೂ ಈಗಿನದಕ್ಕ ಕಡಿಮಿ ಅಲ್ಲ, ತೆರಿಗಿನೂ ಇಳೀತದ. ಕಾಂಟ್ರ್ಯಾಕ್ಟಿನ 13.2 ಲಕ್ಷ ಹೆಚ್ಚು ಕಾಣತೈತಿ ಖರೆ. ಆದರ ಬೇಸಿಕ್ 7.5 ಲಕ್ಷ ಹಿಡಿದ್ರ, ಕಂಪನಿ ಕಟ್ಟೋ ಪಿಎಫ್ 90,000, ಗ್ರಾಚ್ಯುಟಿ ಸುಮಾರು 36,000 ಇನ್ಮುಂದ ಇಲ್ಲ, ವಿಮೆ ಕಂತೂ ನಿಮ್ಮ ಕಿಸೆದಿಂದ.

ಮನಿಯಿಂದ ಕೆಲಸ ಆಗ್ತದ ಅಂತ ಅವರೇ ಒಪ್ಪಿದಾರಲ್ಲ, ಅಲ್ಲೇ ನಿಮ್ಮ ಬಲ ಐತಿ. 12.5 ಲಕ್ಷಕ್ಕ ರೋಲ್ಸ್ ಮ್ಯಾಲೆ ಇದ್ದು, ಬೇಸ್ ಲೊಕೇಶನ್ ಗದಗ ಅಂತ ಪತ್ರದಾಗ ಬರೆದುಕೊಡ್ರಿ ಅಂತ ಕೇಳ್ರಿ. ಒಮ್ಮೆಲೇ ಒಪ್ಪದಿದ್ರ ಎರಡು ತಿಂಗಳ ಪ್ರಯೋಗ ಕೇಳ್ರಿ. ಅಷ್ಟರೊಳಗ ಎರಡು ಬ್ಯಾರೆ ಕಂಪನಿ ಇಂಟರ್ನೆಟ್ ಹಾಕಿಸ್ರಿ, ರೂಟರನ್ನೂ ಇನ್ವರ್ಟರಿಗೆ ಜೋಡಿಸ್ರಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಡೀತದ, ರೂಟರ್ ಬಂದ್ ಆಗಿ ಮೀಟಿಂಗ್ ಕಟ್ ಆಗ್ತದ.

ಶಿಕ್ಷಕಿ, ಹಾವೇರಿ: ನಮ್ಮ ಮನಿಯವರು ದಿನಾ ಹುಬ್ಬಳ್ಳಿಗೆ ಹೋಗಿ ಬರ್ತಾರ್ರಿ. 10 ಲಕ್ಷ ಸಾಲಂಗಿಲ್ಲೇನ್ರಿ?

ಎಚ್‌ಆರ್ ಸಲಹೆಗಾರರು: ಮನಿಯೊಳಗ ನೀವು ಇದ್ದೀರಿ ಅಕ್ಕಾರ. ಇವರ ಅಪ್ಪ-ಅವ್ವ ಇಬ್ಬರೇ. ಗದಗ-ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಓಡಾಟ ಸೇರಿ ದಿನಕ್ಕ 12 ತಾಸು ಹೊರಗ. ಹುಬ್ಬಳ್ಳಿಯೊಳಗ ಮನಿ ಮಾಡಿದ್ರ ಮತ್ತ ಬಾಡಗಿ ಬಂತು.

ಪ್ರಶ್ನೆ ಕೇಳಿದವರು: ಮ್ಯಾನೇಜರ್ ಬದಲಾದ್ರ ಪತ್ರಕ್ಕ ಬೆಲೆ ಇರ್ತದೇನ್ರಿ?

ಎಚ್‌ಆರ್ ಸಲಹೆಗಾರರು: ಮ್ಯಾನೇಜರ್ ಮೇಲ್ ನಂಬಬ್ಯಾಡ್ರಿ, ಎಚ್‌ಆರ್ ಸಹಿ ಇರೋ ತಿದ್ದುಪಡಿ ಪತ್ರ ಬೇಕು. ‘ಅಗತ್ಯ ಬಿದ್ದರ ಸ್ಥಳ ಬದಲಿಸಬಹುದು’ ಅನ್ನೋ ಸಾಲು ಬಹಳ ಮಟ್ಟಿಗೆ ಇದ್ದೇ ಇರ್ತದ. ತೆಗಿಯಂಗಿಲ್ಲ ಅಂದ್ರ, 90 ದಿನ ಮೊದಲೇ ತಿಳಿಸಬೇಕು ಅಂತ ಸೇರಿಸ್ರಿ. ಆಫೀಸಿಗೆ ಕರೆದಾಗ ಪ್ರಯಾಣ ಖರ್ಚು ಯಾರದು ಅನ್ನೋದೂ ಅದರಾಗ ಬರಲಿ.

ಫ್ರೀಲಾನ್ಸರ್, ಧಾರವಾಡ: ಇಷ್ಟೆಲ್ಲಾ ಬರೆದುಕೊಡೋ ಕಂಪನಿ ಕಡಿಮಿ ರೀ. ನಾನಾದ್ರ ಕಾಂಟ್ರ್ಯಾಕ್ಟನ್ನೇ 1.4 ಲಕ್ಷಕ್ಕ ಏರಿಸಿ ಕೇಳ್ತಿದ್ದೆ.